ನಾಲ್ಕನೆಯವರು ಲೆಕ್ಕಕ್ಕೆ

ಅವರ ಬಲಗೈಯ ಉಗುರುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು, ತೋರುಬೆರಳಿನ ತುದಿ ಮಾತ್ರ ಸುಣ್ಣ ಮೆತ್ತಿದ ಹಾಗೆ ಬಿಳಿ. ಕಂದು ಬಣ್ಣ ಫೋಟೋ ತೊಳೆಯುವ ಔಷಧಿಯದು, ಬಿಳಿ ಬಣ್ಣ ಬರೆಯುವ ಶಾಯಿಯದು. ಎಷ್ಟು ಸೋಪು ಹಚ್ಚಿದರೂ ಎರಡೂ ಹೋಗುತ್ತಿರಲಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚುವಾಗ ಯಾವುದು ಸುಣ್ಣ, ಯಾವುದು ಬೆರಳು ಎಂದು ತಿಳಿಯುತ್ತಿರಲಿಲ್ಲ. ಈ ಮಾತನ್ನು ಅವರೇ ಹೇಳಿ, ತಾವು ಮಾತ್ರ ನಗುತ್ತಿರಲಿಲ್ಲ.

ಶಿಕಾರಿಪುರದ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅವರ ಸ್ಟುಡಿಯೋ ಇತ್ತು. ಅದಕ್ಕೊಂದು ಹೆಸರಿತ್ತು, ಆದರೆ ಊರಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಸ್ಟುಡಿಯೋದವರು’ ಎಂದೇ. ನಾನು ಅದೇ ಬೀದಿಯ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಅವರ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಇದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡ್ಯೂಟಿ ಮುಗಿಸಿ, ಕಾಲು ಊದಿಸಿಕೊಂಡು ಬರುವಾಗ ಅವರ ಬಾಗಿಲ ಮುಂದಿನ ಕಟ್ಟೆಯ ಮೇಲೆ ಒಂದು ಗಳಿಗೆ ಕೂರುವುದು ನನ್ನ ಅಭ್ಯಾಸವಾಗಿತ್ತು. ಈಗಲೂ ನನಗೆ ಕಾಲು ಊದುತ್ತದೆ. ಆದರೆ ಕೂರಲು ಅಂಥ ಕಟ್ಟೆ ಮತ್ತೆಲ್ಲೂ ಸಿಗಲಿಲ್ಲ.

ಆಗ ನಮ್ಮ ಕಡೆಯಿಂದ ಗಲ್ಫ್ ದೇಶಗಳಿಗೆ ಹೋಗುವವರು ಹೆಚ್ಚುತ್ತಿದ್ದರು. ವೆಲ್ಡಿಂಗ್ ಕಲಿತವರು, ಡ್ರೈವರುಗಳು, ಗಾರೆ ಕೆಲಸದವರು, ನನ್ನಂಥ ಒಬ್ಬಿಬ್ಬರು ನರ್ಸುಗಳು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಎಲ್ಲರೂ ಮೊದಲು ಬರುತ್ತಿದ್ದದ್ದು ಇವರ ಹತ್ತಿರವೇ. ವೀಸಾ ಬಂದ ಮೇಲೆ ಮತ್ತೊಮ್ಮೆ ಬರುತ್ತಿದ್ದರು, ಆಲ್ಬಮ್ಮಿಗೆ. ಊರು ಬಿಡುವ ಮುಂಚೆ ಮನೆ, ಮಂದಿ, ದನ, ಬಾವಿ ಎಲ್ಲದರ ಫೋಟೋ ತೆಗೆಸಿ, ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಅಂಟಿಸಿ, ಪ್ರತಿಯೊಂದರ ಕೆಳಗೆ ಒಂದೆರಡು ಸಾಲು ಬರೆಸಿಕೊಂಡು ಹೋಗುವ ರೂಢಿಯೊಂದು ಹೇಗೋ ಬೆಳೆದಿತ್ತು. ಬೆಳೆಸಿದವರು ಇವರೇ. ಬೇರೆ ಸ್ಟುಡಿಯೋಗಳಲ್ಲಿ ಫೋಟೋ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಇವರ ಹತ್ತಿರ ಜನ ಬರುತ್ತಿದ್ದದ್ದು ಕೆಳಗಿನ ಸಾಲಿಗೆ.

ಆ ಅಡಿಬರಹದ ಕೆಲಸವನ್ನು ನಾನು ಕಟ್ಟೆಯ ಮೇಲೆ ಕೂತು ಎಷ್ಟೋ ಸಂಜೆ ನೋಡಿದ್ದೇನೆ. ಬಿಳಿಯ ಪೋಸ್ಟರ್ ಬಣ್ಣಕ್ಕೆ ಚೂರು ಅಂಟು, ಚೂರು ನೀರು ಹಾಕಿ ಒಂದು ಕರಟದಲ್ಲಿ ಕಲಸುತ್ತಿದ್ದರು. ನೀರು ಹೆಚ್ಚಾದರೆ ಕಪ್ಪು ಹಾಳೆ ಕುಡಿದುಬಿಡುತ್ತದೆ, ಅಂಟು ಹೆಚ್ಚಾದರೆ ನಿಬ್ಬು ಕಚ್ಚಿಕೊಳ್ಳುತ್ತದೆ. ಪೆನ್ಸಿಲಿನಲ್ಲಿ ಕಂಡೂ ಕಾಣದ ಹಾಗೆ ಗೆರೆ ಎಳೆದು, ಮೊದಲು ಸಾಲು ಬರೆದು, ಅದು ಒಣಗಿದ ಮೇಲೆ ನಾಲ್ಕು ಮೂಲೆಗೆ ತ್ರಿಕೋನದ ಕಾಗದ ಅಂಟಿಸಿ ಅದರೊಳಗೆ ಫೋಟೋ ಸಿಕ್ಕಿಸುತ್ತಿದ್ದರು. ಹಸಿ ಇರುವಾಗಲೇ ಆಲ್ಬಂ ಮುಚ್ಚಿದರೆ ನಡುವಿನ ತೆಳು ಹಾಳೆಗೆ ಅಕ್ಷರ ಅಂಟಿಕೊಂಡು ಎಲ್ಲ ಹಾಳು. ಫೋಟೋದ ಕೆಳಗೆ ಉಳಿಯುವುದು ಎರಡು ಬೆರಳಿನಷ್ಟು ಜಾಗ. ಎರಡು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಅಷ್ಟು ಸಣ್ಣ ಜಾಗಕ್ಕೆ ಜನ ತರುತ್ತಿದ್ದ ಮಾತುಗಳೋ ದೊಡ್ಡವು. ದಮಾಮ್‌ಗೆ ಹೊರಟ ವೆಲ್ಡಿಂಗಿನವನೊಬ್ಬ, “ಓ ತಾಯ್ನಾಡೇ ನಿನಗೆ ಕೋಟಿ ನಮನ ಅಂತ ಬರೀರಿ” ಎಂದು ಚೀಟಿ ಕೊಟ್ಟ. ಫೋಟೋದಲ್ಲಿ ಇದ್ದದ್ದು ಅವನ ಅಪ್ಪ ಮತ್ತು ಒಂದು ಹಳೇ ಸೈಕಲ್ಲು.

ಇವರು ಚೀಟಿ ಓದಿ ನಿಟ್ಟುಸಿರು ಬಿಟ್ಟರು. “ಬರೀತೀನಪ್ಪ, ಬರಿಯೋದಕ್ಕೇನು. ಆದ್ರ ಅಲ್ಲಿ ಕೆಲಸ ಮಾಡಿ ಸುಸ್ತಾಗಿ ಬಂದು ಇದನ್ನ ತೆಗೆದಾಗ ನಿಂಗೆ ತಾಯ್ನಾಡು ಕಾಣಬೇಕೋ, ನಿಮ್ಮಪ್ಪ ಕಾಣಬೇಕೋ?”

“ಅಪ್ಪ ಫೋಟೋದಾಗೇ ಅದಾನಲ್ರೀ.”

“ಕಾಣೋದನ್ನ ಕಣ್ಣು ಓದ್ಕೊಳ್ತತಿ. ಕಾಣದ್ದನ್ನ ನಾವು ಬರೀಬೇಕು. ಈ ಸೈಕಲ್ಲಿನ ವಿಷ್ಯ ಏನಾರ ಹೇಳು.”

ಅವನು ತಲೆ ಕೆರೆದುಕೊಂಡ. ಕೊನೆಗೆ ಆಲ್ಬಮ್ಮಿನಲ್ಲಿ ಬಂದದ್ದು ಹೀಗೆ: ‘ಅಪ್ಪನ ಸೈಕಲ್. ಬೆಲ್ ಕೆಟ್ಟು ವರ್ಷಗಳಾದವು. ಅಪ್ಪ ಬಾಯಲ್ಲೇ ಟ್ರಿಣ್ ಅನ್ನುತ್ತಾನೆ.’ ಓದಿಕೊಂಡವನು ಮೊದಲು ನಕ್ಕ, ಆಮೇಲೆ ಬೀದಿ ಕಡೆ ತಿರುಗಿ ನಿಂತ. ಇವರು ತಲೆ ಎತ್ತಲಿಲ್ಲ. ನಿಬ್ಬು ಒರೆಸುತ್ತಾ ಕೂತರು. ಬಳ್ಳಿಗಾವಿಯ ಒಬ್ಬರು ದೇವಸ್ಥಾನದ ಮುಂದೆ ಕೈಕಟ್ಟಿ ನಿಂತ ಫೋಟೋ ತಂದಾಗಲೂ ಇದೇ ಕತೆ. “ಗುಡಿ ನೋಡೋಕೆ ಪರದೇಶದೋರೇ ಇಲ್ಲಿಗೆ ಬರ್ತಾರ. ನಿಮ್ಮ ಹಿಂದೆ ಒಣಗಿಸಿದ ಆ ಟವೆಲ್ ಯಾರದು, ಅದನ್ನ ಹೇಳ್ರಿ” ಎಂದು ಕೇಳಿದ್ದರು.

ಇನ್ನೊಂದು ಪದ್ಧತಿ ಅವರದು. ಆಲ್ಬಂ ಎರಡು ಮಾಡುತ್ತಿದ್ದರು, ಒಂದು ಹೋಗುವವರಿಗೆ, ಒಂದು ಉಳಿಯುವವರಿಗೆ. ಫೋಟೋ ಎರಡರಲ್ಲೂ ಅವೇ, ಸಾಲು ಬೇರೆ. ಹೋಗುವವರದ್ದರಲ್ಲಿ ‘ಹಿತ್ತಿಲ ಬಾಗಿಲು, ಚಿಲಕ ಸಡಿಲ, ಎತ್ತಿ ಹಾಕಬೇಕು’ ಎಂದಿದ್ದರೆ ಉಳಿಯುವವರದ್ದರಲ್ಲಿ ‘ರಜೆಗೆ ಬಂದಾಗ ಈ ಚಿಲಕ ಬದಲಾಯಿಸಬೇಕೆಂದಿದ್ದಾನೆ’ ಎಂದಿರುತ್ತಿತ್ತು. “ಹೋಗೋರಿಗೆ ಇದ್ದದ್ದು ಇದ್ದಂಗೇ ಬೇಕು. ಉಳಿಯೋರಿಗೆ ಮುಂದಿನ ಮಾತು ಬೇಕು” ಎನ್ನುವುದು ಅವರ ಲೆಕ್ಕ. ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರು ಎಂದುಕೊಳ್ಳಬೇಡಿ. ದಣಿದ ದನಿಯಲ್ಲಿ, ಸಂತೆ ಮುಗಿಸಿ ಬಂದವರ ಹಾಗೆ ಹೇಳುತ್ತಿದ್ದರು. “ಕಳಿಸಿ ಕಳಿಸಿ ಸಾಕಾಗೇತಿ ಸಿಸ್ಟರಮ್ಮ” ಎಂದು ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದರು. “ಹೋಗೋರಿಗೆ ಅವಸರ, ಉಳಿಯೋರಿಗೆ ಸಂಕಟ, ನಂಗೆ ಬರೇ ಬೆರಳುನೋವು.”

ನನಗೂ ಮಸ್ಕತ್ತಿನ ಆಸ್ಪತ್ರೆಯೊಂದರಿಂದ ಕೆಲಸ ಬಂತು. ಬೊಂಬಾಯಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದು ಮರೆತೇ ಬಿಟ್ಟಿದ್ದೆ. ವೀಸಾ ಬಂದಿದೆ ಎಂದಾಗ ಸಂತೋಷಕ್ಕಿಂತ ಸುಸ್ತೇ ಮೊದಲು ಆಯಿತು. ಇದನ್ನು ಅವ್ವನಿಗೆ ಹೇಳಬೇಕಲ್ಲ.

ಅವ್ವ ಸೊರಬದ ಹತ್ತಿರ ಕುಪ್ಪಗಡ್ಡೆಯಲ್ಲಿ ಇದ್ದಳು, ಜೊತೆಗೆ ತಂಗಿ. ಸ್ವಲ್ಪ ಗದ್ದೆ, ಎರಡು ಎಮ್ಮೆ. ಅಪ್ಪ ಇರಲಿಲ್ಲ. ನನಗೆ ಆರು ವರ್ಷವಿದ್ದಾಗ ಭತ್ತದ ಲಾರಿಯ ಮೇಲೆ ಕೂತು ಹೊರಟವರು, ಲಾರಿ ಉರುಳಿ, ಬರಲಿಲ್ಲ. ಅವತ್ತು ಹೊಸಿಲು ದಾಟುವಾಗ ಹೋಗಿ ಬರ್ತೀನಿ ಅಂದಿದ್ದರಂತೆ. ಆ ಮಾತಿನ ಮೇಲೆ ಅವ್ವನಿಗೆ ಅಂದಿನಿಂದ ನಂಬಿಕೆಯಿಲ್ಲ.

ನಾನು ವಿಷಯ ಹೇಳಿದ ದಿನದಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಕೂಗಾಡಿದ್ದರೆ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ರಜೆಗೆ ಮನೆಗೆ ಹೋಗಿ ನಾನು ಎದುರಿಗೇ ಕೂತಿದ್ದರೂ ತಂಗಿಗೆ, “ನಿನ್ನಕ್ಕಂಗೆ ಉಣ್ಣಾಕೆ ಬಾ ಅನ್ನು” ಎನ್ನುವಳು. ತಂಗಿ, “ಅಕ್ಕ, ಉಣ್ಣಾಕೆ ಬಾ ಅಂತೆ” ಎನ್ನುವಳು. ನಾನು, “ಹಸಿವಿಲ್ಲ ಅನ್ನು” ಎನ್ನುವೆ. ನಡುವೆ ಸಿಕ್ಕಿದ ತಂಗಿ ಒಂದು ದಿನ, “ನಾನೇನು ಪೋಸ್ಟಾಫೀಸಾ ನಿಮ್ದು?” ಎಂದು ಎದ್ದು ಹೋದಳು. ನಗು ಬರಬೇಕಾದ ಮಾತು. ನಮಗೆ ಇಬ್ಬರಿಗೂ ಬರಲಿಲ್ಲ. ಅವ್ವನ ಬಾಯಿಂದ ಒಂದು ಮಾತು ಇಲ್ಲದೆ ಸಮುದ್ರ ದಾಟುವುದು ಹೇಗೆ ಎಂಬುದೇ ನನಗೆ ಚಿಂತೆಯಾಯಿತು. ಟಿಕೆಟ್ಟು ಬಂದರೂ ಕಾಲು ಏಳುವುದಿಲ್ಲ ಅನ್ನಿಸುತ್ತಿತ್ತು.

ಆಲ್ಬಮ್ಮಿಗೆಂದು ಸ್ಟುಡಿಯೋದವರು ಒಂದು ಭಾನುವಾರ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಕುಪ್ಪಗಡ್ಡೆಗೆ ಬಂದರು. ಕೊಟ್ಟಿಗೆ, ಬಾವಿಕಟ್ಟೆ, ಜಗುಲಿ, ಎಮ್ಮೆಯ ಪಕ್ಕ ತಂಗಿ, ಎಲ್ಲ ತೆಗೆದರು. ಅವ್ವ ಮಾತ್ರ ಅಡುಗೆಮನೆಯಿಂದ ಈಚೆ ಬರಲಿಲ್ಲ.

“ಅಮ್ಮಾರೇ, ಒಂದು ಫೋಟೋ, ಮಕ್ಕಳ ಜೊತೆ” ಎಂದು ಇವರು ಬಾಗಿಲ ಹತ್ತಿರ ನಿಂತು ಕರೆದರು.

“ಮೂರು ಜನ ನಿಲ್ಲಬಾರ್ದು” ಎಂದಳು ಅವ್ವ ಒಳಗಿನಿಂದ. “ಒಂದ್ಸಲ ನಿಂತು ಅನುಭವಿಸಿದ್ದು ಸಾಕು.”

ಮೂವರು ಒಂದೇ ಫೋಟೋದಲ್ಲಿ ನಿಂತರೆ ನಡುವಿನವರಿಗೆ ಆಗಿಬರುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಇವರು ವಾದ ಮಾಡಲಿಲ್ಲ. ಎಷ್ಟು ಮನೆ ನೋಡಿದ್ದರೋ. ಚಹಾ ಕುಡಿದು, ತೆರೆದ ಅಡುಗೆಮನೆ ಬಾಗಿಲಿನದೇ ಒಂದು ಫೋಟೋ ತೆಗೆದುಕೊಂಡು ಹೊರಟರು. ಅದರಲ್ಲಿ ಕಂಡದ್ದು ಹೊಸಿಲು ಮತ್ತು ಸ್ವಲ್ಪ ಹೊಗೆ. ಆಮೇಲೆ ಅದರ ಕೆಳಗೆ ಬರೆದದ್ದು: ‘ಅವ್ವ ಒಳಗಿದ್ದಾಳೆ. ರೊಟ್ಟಿ ತಟ್ಟುವ ಸದ್ದು.’

ಅವ್ವನ ಒಂದು ಮುಖವಾದರೂ ಆಲ್ಬಮ್ಮಿನಲ್ಲಿ ಬೇಕಲ್ಲ ಎಂದು ತಂಗಿ ಒಂದು ಉಪಾಯ ಮಾಡಿದಳು. ಟ್ರಂಕಿನಲ್ಲಿ ಸೀರೆಗಳ ಅಡಿ ಇದ್ದ ಹಳೇ ಫೋಟೋ ತೆಗೆದು, ಅವ್ವನಿಗೆ ತಿಳಿಯದ ಹಾಗೆ ನನ್ನ ಚೀಲದಲ್ಲಿ ಇಟ್ಟಳು. ಅಪ್ಪ, ಅವ್ವ, ನಾನು. ಸೊರಬದ ಸಂತೆಯಲ್ಲಿ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದವನ ಮುಂದೆ ನಿಂತು ತೆಗೆಸಿದ್ದು. ಅಪ್ಪ ನಡುವೆ. ಹಠ ಮಾಡಿ ನಿಲ್ಲಿಸಿದವಳು ಅವ್ವನೇ. ಅದೇ ವರ್ಷ ಅಪ್ಪ ಹೋದರು. ಆ ಮೇಲೆ ಅವ್ವ ಯಾವ ಫೋಟೋದಲ್ಲೂ ನಿಂತಿಲ್ಲ. ನಾನೇ ಕೊಂದೆ ಎಂದು ಬಾಯಿಬಿಟ್ಟು ಅಂದವಳಲ್ಲ. ಆದರೆ ಮದುವೆಮನೆಯಲ್ಲಿ ಫೋಟೋದವನು ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದದ್ದನ್ನು ನೋಡಿದ ನಮಗೆ ಬೇರೆ ಹೇಳಬೇಕಾಗಿರಲಿಲ್ಲ.

ಅದನ್ನು ಸ್ಟುಡಿಯೋದವರ ಕೈಗೆ ಕೊಟ್ಟು, ಇದನ್ನೇ ಇನ್ನೊಮ್ಮೆ ಫೋಟೋ ತೆಗೆದು ಎರಡೂ ಆಲ್ಬಮ್ಮಿಗೆ ಹಾಕಿ ಎಂದೆ. ಕತೆಯನ್ನೂ ಹೇಳಿದೆ. ಅವರು ಬೆಳಕಿಗೆ ಹಿಡಿದು ನೋಡಿದರು.

“ತಂಗಿ ಎಲ್ಲಿ?”

“ಆಗ ಇನ್ನೂ ಹುಟ್ಟಿರಲಿಲ್ಲ.”

“ಯಾವಾಗ ತೆಗೆಸಿದ್ದು ಇದು?”

“ಯುಗಾದಿ ಕಳೆದ ಮೇಲಿನ ಸಂತೆಯಲ್ಲಿ. ಹೊಸ ಲಂಗ ಹಾಕಿದ್ದು ನೆನಪಿದೆ.”

“ತಂಗಿ ಹುಟ್ಟಿದ್ದು?”

“ದೀಪಾವಳಿ ಹೊತ್ತಿಗೆ. ಅಪ್ಪ ಹೋದ ಮೇಲೆ.”

ಅಷ್ಟು ಹೇಳಿ ಬೆರಳು ಮಡಚಿ ತಿಂಗಳು ಎಣಿಸಿದೆ. ಅವರು ನನ್ನನ್ನು ನೋಡುತ್ತಿದ್ದರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಆ ಫೋಟೋವನ್ನು ಎಣಿಕೆಗೆ ಹಿಡಿದಿರಲಿಲ್ಲ. ಹಿಡಿಯುವುದು ಹೇಗೆ, ಅದನ್ನು ನೋಡುವುದನ್ನೇ ಬಿಟ್ಟಿದ್ದೆವಲ್ಲ. “ಹ್ಞಾಂ. ನೀವು ಹೋಗ್ರಿ, ಡ್ಯೂಟಿಗೆ ತಡ ಆಗ್ತತಿ. ಇದರ ಸಾಲು ನಾ ನೋಡ್ಕೊಳ್ತೀನಿ” ಎಂದರು.

ಹೊರಡುವ ದಿನ ಬಂತು. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬೊಂಬಾಯಿ ಬಸ್ಸು ಹಿಡಿಯುವುದಿತ್ತು. ಅವ್ವ ಬರುವುದಿಲ್ಲ ಎಂದುಕೊಂಡಿದ್ದೆ. ತಂಗಿಯ ಜೊತೆ ಶಿಕಾರಿಪುರದವರೆಗೆ ಬಂದಳು, ಮಡಿಲಲ್ಲಿ ರೊಟ್ಟಿ ಗಂಟು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ಮಾತಿಲ್ಲ. ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಆಲ್ಬಂ ತೆಗೆದುಕೊಳ್ಳಲು ಮೂವರೂ ಸ್ಟುಡಿಯೋಗೆ ಹೋದೆವು.

ಅವರು ಎರಡೂ ಆಲ್ಬಮ್ಮುಗಳನ್ನು ಮೇಜಿನ ಮೇಲೆ ಇಟ್ಟು, ಒಂದನ್ನು ಅವ್ವನ ಕಡೆ ಸರಿಸಿದರು. “ಇದು ನಿಮ್ದು ಅಮ್ಮಾರೇ. ನೋಡ್ತಾ ಇರ್ರಿ, ಚಾ ತರಿಸ್ತೀನಿ.”

ಅವ್ವ ಬೇಡವೆಂದೇ ಕೂತಿದ್ದಳು. ಆದರೆ ಎದುರಿಗೆ ತನ್ನ ಮನೆಯ ಕೊಟ್ಟಿಗೆ ಕಂಡರೆ ಯಾರು ತಾನೇ ನೋಡದೆ ಇರುತ್ತಾರೆ. ಒಂದೊಂದೇ ಹಾಳೆ ತಿರುವಿದಳು. ಅವ್ವನಿಗೆ ಓದಲು ಬರುತ್ತಿತ್ತು, ನಿಧಾನಕ್ಕೆ, ಅಕ್ಷರದ ಅಡಿ ಬೆರಳಿಟ್ಟುಕೊಂಡು. ಎಮ್ಮೆಯ ಕೆಳಗಿನ ಸಾಲು ಓದಿ ಮೂಗಿನಲ್ಲೇ ‘ಹ್ಞೂಂ’ ಎಂದಳು. ಕೊನೆಗಿಂತ ಸ್ವಲ್ಪ ಮುಂಚೆ ಆ ಹಳೇ ಫೋಟೋ ಬಂತು. ಅವ್ವನ ಕೈ ನಿಂತಿತು.

“ಇದನ್ನ ಯಾರು ತೆಗೆದಿದ್ದು ಟ್ರಂಕಿಂದ?” ಎಂದಳು. ತಂಗಿ ನನ್ನ ಹಿಂದೆ ಸರಿದಳು. ಈ ಹೊತ್ತಿನಲ್ಲಿ, ಬಸ್ಸು ಬರುವ ಮುಂಚೆ, ಇದನ್ನು ತೋರಿಸಬಾರದಿತ್ತು ಅನ್ನಿಸಿತು.

“ನಂಗೆ ಕೊಟ್ಟಿದ್ರು ಅಮ್ಮಾರೇ” ಎಂದರು ಸ್ಟುಡಿಯೋದವರು. “ಬೈಯೋದಿದ್ರೆ ಆಮೇಲೆ ಬೈರಿ. ಕೆಳಗಿನ ಸಾಲು ಒಂದು ಓದಿಬಿಡ್ರಿ.”

ಅವ್ವ ಬೆರಳು ಇಟ್ಟಳು. ಸಾಲು ಇದ್ದದ್ದು ಹೀಗೆ: ‘ಕಾಣುವವರು: ಅವ್ವ, ಅಪ್ಪ, ದೊಡ್ಡ ಮಗಳು. ಕಾಣದವಳು: ಚಿಕ್ಕ ಮಗಳು, ಅವ್ವನ ಹೊಟ್ಟೆಯಲ್ಲಿ. ಒಟ್ಟು ನಾಲ್ವರು.’

ಒಮ್ಮೆ ಓದಿದಳು. ಮತ್ತೆ ಮೊದಲಿನಿಂದ ಬೆರಳಿಟ್ಟು ಓದಿದಳು. ‘ಹೊಟ್ಟೆಯಲ್ಲಿ’ ಎನ್ನುವ ಕಡೆ ಬೆರಳು ಬಹಳ ಹೊತ್ತು ನಿಂತಿತು. ಹೊರಗೆ ಯಾವುದೋ ಬಸ್ಸಿನವನು ಶಿವಮೊಗ್ಗ, ಶಿವಮೊಗ್ಗ ಎಂದು ಕೂಗುತ್ತಿದ್ದ.

“ಎರಡು ತಿಂಗಳು ಆಗಿತ್ತು” ಎಂದಳು ಅವ್ವ, ಯಾರಿಗೂ ಅಲ್ಲ ಎನ್ನುವ ಹಾಗೆ. “ಅವರಿಗೂ ಹೇಳಿರ್ಲಿಲ್ಲ ಆಗ. ಮೂರು ತುಂಬಲಿ ಅಂತ ಇದ್ದೆ.” ಆಮೇಲೆ ತಂಗಿಯನ್ನು ನೋಡಿದಳು, ಅಡಿಯಿಂದ ಮುಡಿಯವರೆಗೆ, ಈಗ ತಾನೇ ಬಂದವಳನ್ನು ನೋಡುವ ಹಾಗೆ. “ಅಂದ್ರೆ ನಾಕು ಜನ ಇದ್ವಿ.”

“ನಾಕೇ ಅಮ್ಮಾರೇ.”

“ಮತ್ತೆ ಅವರು ಹ್ಯಾಂಗೆ...”

“ಲಾರಿ ಉರುಳಿ ಹೋದ್ರು” ಎಂದರು ಅವರು ಮೆತ್ತಗೆ. “ಫೋಟೋದಿಂದ ಅಲ್ಲ.”

ಅವ್ವ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ. ನನಗೂ ತಡೆಯಲಾಗಲಿಲ್ಲ. ಇವರು ಎದ್ದು ಹೋಗಿ ಚಹಾದವನನ್ನು ಕೂಗುವ ನೆವದಲ್ಲಿ ಬಾಗಿಲ ಹೊರಗೆ ನಿಂತರು. ಎಷ್ಟೋ ಮನೆಯವರು ಆ ಕೋಣೆಯಲ್ಲಿ ಅತ್ತಿದ್ದರು. ಆ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದು ಅವರಿಗೆ ರೂಢಿಯಾಗಿತ್ತು.

ಚಹಾ ಕುಡಿದ ಮೇಲೆ ಅವ್ವ ಮುಖ ಒರೆಸಿಕೊಂಡು, ಅಷ್ಟು ದಿನದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, “ಏ, ತಲೆ ಬಾಚ್ಕೋ. ಹಿಂಗೇ ನಿಲ್ತೀಯಾ ಎಂತ ಫೋಟೋಕ್ಕೆ?” ಎಂದಳು.

ಇವರು ಜಲಪಾತ ಬರೆದ ಪರದೆ ಬಿಟ್ಟರು, ದೀಪ ಹಚ್ಚಿದರು. ಅವ್ವನನ್ನು ಕುರ್ಚಿಯ ಮೇಲೆ ನಡುವೆ ಕೂರಿಸಿ, ಅತ್ತ ನಾನು, ಇತ್ತ ತಂಗಿ. ಕ್ಯಾಮೆರಾಕ್ಕೆ ಕಣ್ಣಿಟ್ಟದ್ದೇ ತಡ, ಅವ್ವ ಕೈ ಅಡ್ಡ ಹಿಡಿದಳು.

“ತಡೀರಿ. ಆವಾಗೇನೋ ನಾಕು ಸರಿ. ಈಗ ಮೂರೇ ಆದ್ವಲ್ಲ.”

ಸ್ಟುಡಿಯೋದವರು ಸುಸ್ತಾಗಿ ಸೊಂಟದ ಮೇಲೆ ಕೈಯಿಟ್ಟರು. “ಅಮ್ಮಾರೇ, ನಿಮ್ಮ ಹತ್ರ ಗೆಲ್ಲೋಕೆ ಆಗಂಗಿಲ್ಲ ಬಿಡ್ರಿ.”

“ನೀವೇ ಬಂದು ನಿಲ್ರಿ.”

“ನಾ ನಿಂತ್ರೆ ತೆಗೆಯೋರು ಯಾರು?”

ಅದಕ್ಕೂ ದಾರಿ ಇತ್ತು. ಕ್ಯಾಮೆರಾದ ಮುಂಭಾಗದಲ್ಲಿ ಒಂದು ಪುಟ್ಟ ಕಡ್ಡಿ. ಅದನ್ನು ಬಾಗಿಸಿ ಗುಂಡಿ ಒತ್ತಿದರೆ ಅದು ಜುಯ್ ಎಂದು ಸದ್ದು ಮಾಡುತ್ತಾ ಮೆಲ್ಲಗೆ ಹಿಂದಕ್ಕೆ ಬಂದು, ತಾನೇ ಫೋಟೋ ತೆಗೆಯುತ್ತದೆ. ಅವರು ಗುಂಡಿ ಒತ್ತಿ, ದೀಪದ ವೈರು ದಾಟಿ ಓಡಿ ಬಂದು ತಂಗಿಯ ಪಕ್ಕ ನಿಂತರು. ನಿಂತರು ಅನ್ನುವುದಕ್ಕಿಂತ ಬಂದು ತಲುಪುವಷ್ಟರಲ್ಲಿ ಫೋಟೋ ಆಗಿತ್ತು. ಅವ್ವ ಬಾಯಿ ಮುಚ್ಚಿ ನಕ್ಕಳು. ಎಷ್ಟು ವರ್ಷದ ಮೇಲೋ ಏನೋ.

ಆದರೆ ಆ ಫೋಟೋ ತೊಳೆದು, ಒಣಗಿಸಿ, ಅಂಟಿಸುವಷ್ಟು ಹೊತ್ತು ಇರಲಿಲ್ಲ. ಅವರು ನನ್ನ ಆಲ್ಬಮ್ಮಿನ ಕೊನೆಯ ಹಾಳೆ ತೆಗೆದು, ಅಳತೆ ಹಿಡಿದು ನಾಲ್ಕು ಮೂಲೆ ಅಂಟಿಸಿದರು. ಒಳಗೆ ಫೋಟೋ ಇಲ್ಲ. ಕೆಳಗೆ ಕರಟದ ಶಾಯಿಯಲ್ಲಿ ನಿಬ್ಬು ಅದ್ದಿ ಬರೆದರು: ‘ಅವ್ವ, ನಾನು, ತಂಗಿ. ನಾಲ್ಕನೆಯವರು ಲೆಕ್ಕಕ್ಕೆ.’

“ಸಾಲು ಒಣಗಲಿ, ಮುಚ್ಚಬ್ಯಾಡ್ರಿ” ಎಂದರು. “ಫೋಟೋ ಪೋಸ್ಟಿಗೆ ಹಾಕ್ತೀನಿ. ಅಲ್ಲಿ ಸಿಕ್ಕಿಸ್ಕೊಳ್ರಿ.” ನಾನು ಬಸ್ ನಿಲ್ದಾಣದವರೆಗೆ ಆಲ್ಬಂ ತೆರೆದೇ ಹಿಡಿದುಕೊಂಡು ನಡೆದೆ. ಬಸ್ಸು ಹೊರಡುವಾಗ ಅವ್ವ ಕಿಟಕಿಯ ಸರಳು ಹಿಡಿದು, “ಗಟ್ಟಿ ರೊಟ್ಟಿ ಮೇಲಿವೆ, ಮೆತ್ತಗಿನವು ಕೆಳಗಿವೆ. ಮೆತ್ತಗಿನವು ಮೊದ್ಲು ತಿನ್ನು, ಕೆಡ್ತವೆ” ಎಂದಳು. ಬಸ್ಸು ಅಲುಗಾಡಿದ ಮೇಲೆ, “ಹೋಗಿ ಬಾ” ಎಂದಳು.

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಉಪ್ಪಿನಕಾಯಿ ಬಾಟಲಿ ಬಿಟ್ಟು ಆಲ್ಬಂ ಹಿಡಿದ. ಹಾಳೆ ಹಾಳೆ ತಿರುವಿದ. ಕೊನೆಯ ಖಾಲಿ ಹಾಳೆಗೆ ಬಂದು, ಫೋಟೋ ಎಲ್ಲಿ, ಏನು ತೆಗೆದುಬಿಟ್ಟೆ ಎಂದು ಅನುಮಾನದಿಂದ ಕೇಳಿದ. ನನ್ನ ಇಂಗ್ಲಿಷು ಅಷ್ಟರಲ್ಲೇ ಇತ್ತು. ಫೋಟೋ ಹಿಂದೆ ಬರುತ್ತಿದೆ, ಬರಹ ಮುಂದೆ ಬಂದಿದೆ ಎಂದು ಹೇಗೋ ಹೇಳಿದೆ. ಅವನು ನನ್ನ ಮುಖ ನೋಡಿದ. ಎರಡು ದಿನ ನಿದ್ದೆಯಿಲ್ಲದ ಮುಖ. ಆಲ್ಬಂ ಮುಚ್ಚಿ ಕೈಗೆ ಕೊಟ್ಟ.

ಫೋಟೋ ಬಂದದ್ದು ಎಷ್ಟೋ ದಿನದ ಮೇಲೆ, ನೆಗೆಟಿವ್ ಸಮೇತ. ನಡುವೆ ಅವ್ವ, ನಗು ತಡೆಯಲು ಹೋಗಿ ಸೋತ ಮುಖ. ತುದಿಯಲ್ಲಿ ಅವರು, ಒಂದು ಭುಜ ಸ್ವಲ್ಪ ಅಲುಗಿ ಮಸುಕು. ಎದೆಯ ಹತ್ತಿರ ಹಿಡಿದ ಕೈಯಲ್ಲಿ ಬೆರಳ ತುದಿ ಬಿಳಿ. ಮೂಲೆಗಳಿಗೆ ಸಿಕ್ಕಿಸಿದೆ, ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು.

ಆ ಆಲ್ಬಂ ನನ್ನನ್ನು ಸಾಕಿತು ಎಂದರೆ ದೊಡ್ಡ ಮಾತಾಗುತ್ತದೆ. ಆದರೆ ವಾರ್ಡಿನಿಂದ ಬಂದು, ಸಮವಸ್ತ್ರ ಬದಲಿಸಲೂ ತ್ರಾಣವಿಲ್ಲದೆ ಹಾಸಿಗೆಯ ಅಂಚಿಗೆ ಕೂತಾಗ ‘ರೊಟ್ಟಿ ತಟ್ಟುವ ಸದ್ದು’ ಎಂಬ ಸಾಲು ಓದಿದರೆ ಸದ್ದು ಕೇಳುತ್ತಿತ್ತು. ಪಕ್ಕದ ಮಂಚದವಳು ತನ್ನೂರಿನ ಸ್ಟುಡಿಯೋದಿಂದ ತಂದ ಬಣ್ಣದ ಫೋಟೋಗಳ ಕೆಳಗೆ ‘ಮರೆಯಲಾರೆ’ ಎಂದು ಹಂಸದ ಚಿತ್ರದ ಜೊತೆ ಬರೆಸಿದ್ದಳು. ಒಂದು ವರ್ಷಕ್ಕೆಲ್ಲ ಅದನ್ನು ತೆಗೆದು ನೋಡುವುದನ್ನೇ ಬಿಟ್ಟಳು, ಪಾಪ. ನನ್ನ ಎಮ್ಮೆ, ನನ್ನ ಬಾವಿಕಟ್ಟೆ ಹಳತಾಗಲಿಲ್ಲ.

ದಶಕ ಮುಗಿಯುತ್ತಾ ಬಂದಾಗ ಒಂದು ರಜೆಗೆ ಊರಿಗೆ ಹೋದೆ. ಸ್ಟುಡಿಯೋ ಬಾಗಿಲು ಹಾಕಿತ್ತು. ಕೆಲವು ತಿಂಗಳ ಹಿಂದೆ, ಕತ್ತಲೆಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದಾಗಲೇ ಎದೆನೋವು ಬಂದು ಲಿಂಗೈಕ್ಯರಾಗಿದ್ದರು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನಾನೇನು ಅವರಿಗೆ ನಂಟಳೇ? ಕಟ್ಟೆಯ ಮೇಲೆ ಕೂತೆ. ಏಳಬೇಕು ಅನ್ನಿಸಲಿಲ್ಲ.

ಅವ್ವನನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಒಂದು ಫ್ರೇಮು ಇತ್ತು, ಒಳಗೆ ಬರೀ ರಟ್ಟು. ಕೆಳಗೆ ಗೂಡಿನಲ್ಲಿ ಅವರ ಕನ್ನಡಕ, ಪಕ್ಕದಲ್ಲಿ ದೀಪ.

“ಒಂದು ಫೋಟೋ ಇಲ್ಲ ಕಣಮ್ಮ ಅವರದ್ದು” ಎಂದರು ಅವರ ಹೆಂಡತಿ. “ಮದುವೆ ಫೋಟೋದಾಗ ಬಾಸಿಂಗ ಕಟ್ಟಿ ಮುಖಾನೇ ಕಾಣಂಗಿಲ್ಲ. ಓಟಿನ ಕಾರ್ಡಿನಾಗ ಮಸಿ ಬಳಿದಂಗ ಐತಿ. ಊರೋರ್ದೆಲ್ಲ ತೆಗೆದ್ರು, ತಮ್ದು ತೆಗೆಸ್ಕೊಳ್ರಿ ಅಂದ್ರ ನಾಳೆ ಅಂತಿದ್ರು.”

ನಾನು ಮರುದಿನ ಆಲ್ಬಂ ತಂದೆ. ಕೊನೆಯ ಹಾಳೆ ತೆರೆದು ತೋರಿಸಿದಾಗ ಆ ತಾಯಿ ಗಾಜಿನ ಮೇಲೆ ಕೈಯಿಡುವ ಹಾಗೆ ಫೋಟೋದ ಮೇಲೆ ಕೈಯಿಟ್ಟರು. “ಓಡಿ ಬಂದು ನಿಂತಾರ” ಎಂದು ನಕ್ಕರು, ಅತ್ತರು. ಆಮೇಲೆ ಸಂಕೋಚದಿಂದ, “ನೀವೆಲ್ಲ ಇರೋ ಫೋಟೋಕ್ಕ ಮಾಲೆ ಹಾಕೋಕಾಗಲ್ಲ. ಅವರದ್ದೊಂದೇ ಕತ್ತರಿಸಿ ದೊಡ್ಡದು ಮಾಡಿಸ್ಲೇನು?” ಎಂದು ಕೇಳಿದರು. ನ್ಯಾಯವಾದ ಮಾತು. ಬದುಕಿರುವವರ ಮೇಲೆ ಮಾಲೆ ಬೀಳಬಾರದು. ನಾನು ಆಗಲಿ ಎನ್ನಲು ಬಾಯಿ ತೆರೆದೆ.

ಅವ್ವ ನನ್ನ ಮೊಣಕೈ ಹಿಡಿದಳು. “ಕತ್ತರಿಸಬ್ಯಾಡಿ” ಎಂದಳು. “ಅವರನ್ನ ತೆಗೆದ್ರೆ ನಾವು ಮೂರೇ ಆಗ್ತೀವಿ.”

ಅವ್ವನೇ ಮುಂದುವರಿಸಿದಳು. “ಮಾಲೆ ಹಾಕಬ್ಯಾಡಿ. ಹಂಗೇ ಇಡಿ. ನಾವೂ ಇರ್ತೀವಿ ಅವರ ಜೊತೆ, ಏನಾಗಲ್ಲ.”

ಫೋಟೋ ಆ ಫ್ರೇಮಿನೊಳಗೆ ಹೋಯಿತು. ಸತ್ತವರ ಫೋಟೋಗೆ ಮಾಲೆಯಿಲ್ಲದ ಮನೆ ಶಿಕಾರಿಪುರದಲ್ಲಿ ಅದೊಂದೇ ಇರಬೇಕು. ನೆಗೆಟಿವಿನಿಂದ ಇನ್ನೊಂದು ಪ್ರತಿ ಮಾಡಿಸಿ ನನ್ನ ಆಲ್ಬಮ್ಮಿಗೆ ಹಾಕಬಹುದಿತ್ತು. ನೆಗೆಟಿವನ್ನೂ ಅವರಿಗೇ ಕೊಟ್ಟುಬಿಟ್ಟೆ.

ಈಗ ನನ್ನ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ನಾಲ್ಕು ಮೂಲೆಗಳಿವೆ, ನಡುವೆ ಕಪ್ಪು ಖಾಲಿ, ಕೆಳಗೆ ಬಿಳಿ ಸಾಲು, ನಾನು ಹೊರಟ ದಿನ ಇದ್ದ ಹಾಗೆಯೇ. ಯಾರಾದರೂ ಫೋಟೋ ಎಲ್ಲಿ ಎಂದು ಕೇಳಿದರೆ ಊರಲ್ಲಿದೆ ಎನ್ನುತ್ತೇನೆ.